ಮುಚ್ಚಿದ ಖಾತೆಗೆ ಬಂದ ದುಡ್ಡು, ನಾಲ್ಕನೇ ಜ್ವರ ಎದ್ದ ಹುಳು

ಆ ವಾರದ ನನ್ನ ಡೈರಿಯಲ್ಲಿ ಮಂಗಳವಾರದ ಪುಟಕ್ಕೆ ಒಂದೇ ಸಾಲು ಇದೆ: ‘ಅವ್ವನ ಬಾಂಡಿನ ದುಡ್ಡು ಬಂತು.’ ಅದು ಸುಳ್ಳು. ಬೇಕೆಂದು ಬರೆದ ಸುಳ್ಳಲ್ಲ, ನೋಡಿದ್ದನ್ನು ಸರಿಯಾಗಿ ಓದದೆ ಬರೆದದ್ದು. ದುಡ್ಡು ಬಂದಿರಲಿಲ್ಲ. ಬಂದಿದೆ ಎಂಬ ಸಂದೇಶ ಬಂದಿತ್ತು. ಇವೆರಡರ ನಡುವಿನ ವ್ಯತ್ಯಾಸ ತಿಳಿಯಲು ನಮಗೆ ಎರಡು ದಿನ ಹಿಡಿಯಿತು. ಆ ಎರಡು ದಿನಗಳಲ್ಲಿ ನಡೆದದ್ದನ್ನು ನಾನು ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿದ್ದೇನೆ, ಹೇಳುವಾಗಲೆಲ್ಲ ಒಂದು ಭಾಗವನ್ನು ಬಿಟ್ಟಿದ್ದೇನೆ. ಇಲ್ಲಿ ಬಿಡುವುದಿಲ್ಲ.

ನಮ್ಮೂರು ಮಾಗಡಿಗೂ ರಾಮನಗರಕ್ಕೂ ಮಧ್ಯೆ, ಎರಡೂ ಕಡೆಗೆ ಬಸ್ಸು ಹತ್ತಬೇಕಾದ ಜಾಗ. ಆ ವರ್ಷ ರೇಷ್ಮೆಗೂಡಿನ ಬೆಲೆ ಏರಿದ ರೀತಿಗೆ ಊರೇ ಮೈದುಂಬಿಕೊಂಡಿತ್ತು. ರೇಷ್ಮೆ ಬಿಟ್ಟು ತೆಂಗು ಹಾಕಿದ್ದವರು ತೆಂಗಿನ ಸಾಲಿನ ನಡುವೆ ಮತ್ತೆ ಹಿಪ್ಪುನೇರಳೆ ಕಡ್ಡಿ ನೆಟ್ಟರು. ಕುರಿ ಮಾರಿ ಹುಳುಮನೆ ಕಟ್ಟಿದವರಿದ್ದರು. ಟೀ ಅಂಗಡಿಯಲ್ಲಿ ಕೂತವರು ರಾಮನಗರದ ಮಾರುಕಟ್ಟೆಯ ಬೆಳಗಿನ ಹರಾಜನ್ನು ಫೋನಿನಲ್ಲಿ ಕೇಳಿಸಿಕೊಂಡು, ಕ್ರಿಕೆಟ್ಟಿನ ಸ್ಕೋರು ಹೇಳುವ ಹಾಗೆ ಪಕ್ಕದವರಿಗೆ ಹೇಳುತ್ತಿದ್ದರು. ಎಲ್ಲರೂ ಹೆಚ್ಚು ಹುಳು ಸಾಕುವವರೇ ಆದದ್ದರಿಂದ ಸೊಪ್ಪಿಗೆ ಬರ ಬಂತು.

ನಮ್ಮ ಅವ್ವನೂ ಆಸೆಪಟ್ಟಳು. ನಮ್ಮ ತೋಟದ ಸೊಪ್ಪು ಇನ್ನೂರು ಮೊಟ್ಟೆಗೆ ಸಾಲುವಂಥದ್ದು, ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಡುವ ನಾನೂರೈನೂರು ತತ್ತಿಯ ಲೆಕ್ಕ. ಅವಳು ಮುನ್ನೂರು ಮೊಟ್ಟೆಯ ಚಾಕಿ ಹುಳು, ಅಂದರೆ ಮರಿಹುಳು, ತಂದಳು. ಉಳಿದ ನೂರಕ್ಕೆ ಸೊಪ್ಪು ಎಲ್ಲಿಂದ ಎಂದು ನಾನು ಕೇಳಿದಾಗ, ಪಕ್ಕದೂರಿನ ಒಬ್ಬರ ತೋಟದ ಸೊಪ್ಪನ್ನು ಗಿಡದಲ್ಲಿ ನಿಂತ ಹಾಗೇ ಕೊಳ್ಳಲು ಮಾತಾಡಿ ಬಂದಿರುವುದಾಗಿ ಹೇಳಿದಳು. ದುಡ್ಡು? ಅದಕ್ಕೆ ಅವಳಲ್ಲಿ ಉತ್ತರ ಇತ್ತು, ಆದರೆ ನನಗೆ ಅದುವರೆಗೆ ಹೇಳಿರಲಿಲ್ಲ. ಅಪ್ಪ ಇದ್ದ ಕಾಲದಲ್ಲೇ, ಒಂದು ಒಳ್ಳೆಯ ಬೆಳೆಯ ದುಡ್ಡಿನಲ್ಲಿ, ಮಾಗಡಿಯ ಬ್ಯಾಂಕಿನಲ್ಲಿ ಅವಳು ತನ್ನೊಬ್ಬಳ ಹೆಸರಿಗೆ ಒಂದು ಫಿಕ್ಸೆಡ್ ಡಿಪಾಸಿಟ್ ಇಟ್ಟಿದ್ದಳು, ಅದರ ರಸೀದಿಗೇ ನಮ್ಮಲ್ಲಿ ಬಾಂಡು ಎನ್ನುವುದು. ಅದರ ಅವಧಿ ಮುಗಿಯುವುದು ಈ ಮಂಗಳವಾರ. ಸೋಮವಾರ ಹುಳು ನಾಲ್ಕನೇ ಜ್ವರದಿಂದ ಏಳುತ್ತವೆ, ಮಂಗಳವಾರ ದುಡ್ಡು ಬರುತ್ತದೆ, ಗುರುವಾರ ಸೊಪ್ಪು ಕೊಯ್ಯಬಹುದು. ಅವ್ವ ಹುಳುವಿನ ದಿನಗಳನ್ನೂ ಬಾಂಡಿನ ದಿನವನ್ನೂ ಕೂಡಿಸಿಯೇ ಮೊಟ್ಟೆಗೆ ಹೇಳಿದ್ದಳು. ನನ್ನ ಎಂ.ಎ. ಡಿಗ್ರಿಗೆ ಅಂಥ ಲೆಕ್ಕ ಬರುವುದಿಲ್ಲ.

ಹುಳು ಸಾಕದವರಿಗೆ ಇಷ್ಟು ಹೇಳಬೇಕು. ಹುಳು ಪೊರೆ ಬಿಡುವಾಗ ತಿನ್ನದೆ ತಲೆ ಎತ್ತಿ ನಿಂತುಬಿಡುತ್ತದೆ, ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅದು ಏಳೆಂಟು ದಿನ ತಿನ್ನುವುದೇ ತಿನ್ನುವುದು. ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ದಿನಗಳಲ್ಲೇ ತಿನ್ನುತ್ತದೆ. ಆಗ ಹೊಟ್ಟೆ ತುಂಬದಿದ್ದರೆ ಸಾಯದೇ ಇರಬಹುದು, ಆದರೆ ಗೂಡು ತೆಳ್ಳಗಾಗುತ್ತದೆ. ತೆಳುಗೂಡನ್ನು ಹರಾಜಿನಲ್ಲಿ ಯಾರೂ ಮುಟ್ಟುವುದಿಲ್ಲ. ನಮ್ಮ ಸ್ವಂತ ಸೊಪ್ಪು ಶುಕ್ರವಾರ ಬೆಳಗಿನ ಮೇವಿಗೆ ಮುಗಿಯುವಂತಿತ್ತು.

ಮಂಗಳವಾರ ಬೆಳಿಗ್ಗೆ ಅವ್ವ ಫೋನು ಹಿಡಿದು ಬಂದಳು. ಇಂಗ್ಲಿಷಿನ ಸಂದೇಶವನ್ನು ನಾನು ಓದಿ ಹೇಳಿದೆ: ಡಿಪಾಸಿಟ್ ಮುಗಿದಿದೆ, ಇಷ್ಟು ಹಣ ಇಂಥ ಅಂಕಿಗಳಲ್ಲಿ ಕೊನೆಯಾಗುವ ಖಾತೆಗೆ ಜಮಾ ಆಗಿದೆ. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕಳು. ಖಾತೆಯ ಕೊನೆಯ ಅಂಕಿಗಳನ್ನು ನಾನು ಬಾಯಿಬಿಟ್ಟು ಓದಿದ್ದೆ. ಅವು ನಮ್ಮ ಈಗಿನ ಖಾತೆಯವಲ್ಲ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಿತು, ಆದರೆ ಖುಷಿಗೆ ಅಡ್ಡ ಬರುವುದು ಬೇಡವೆಂದು ಸುಮ್ಮನಾದೆ ಎಂದು ಒಂದು ಸಲ ಯಾರಿಗೋ ಹೇಳಿದ್ದೆ. ಈಗ ಯೋಚಿಸಿದರೆ ಹಾಗೆ ಹೇಳಿದ್ದು ನನ್ನನ್ನು ಜಾಣೆಯನ್ನಾಗಿ ತೋರಿಸಿಕೊಳ್ಳಲು. ಹೊಳೆಯಲೇ ಇಲ್ಲ.

ಸೊಪ್ಪಿನ ತೋಟದವರಿಗೆ ಅವ್ವ ಆಗಲೇ ಫೋನು ಮಾಡಿ, ದುಡ್ಡು ಬಂದಿದೆ, ಗುರುವಾರ ಸಂಜೆಯೊಳಗೆ ಪೂರ್ತಿ ಕೊಡುತ್ತೇನೆ ಎಂದಳು. ಅವರೂ ಒಪ್ಪಿದರು. ಆದರೆ ಒಂದು ಮಾತು ಸೇರಿಸಿದರು: ಕನಕಪುರದ ಕಡೆಯವರೊಬ್ಬರು ದಿನಾ ಬಂದು ಕೇಳುತ್ತಿದ್ದಾರೆ, ಗುರುವಾರ ದಾಟಿದರೆ ಸೊಪ್ಪು ಬಲಿತುಹೋಗುತ್ತದೆ, ಆಮೇಲೆ ತನ್ನನ್ನು ದೂರಬಾರದು. ನ್ಯಾಯವಾದ ಮಾತೇ.

ಬುಧವಾರ ನಾನು ರಾಮನಗರಕ್ಕೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿದೆ. ಮಷಿನ್ನು ಕಟಕಟ ಎಂದು ಎರಡು ಸಾಲು ಹೊಡೆದು ನಿಂತಿತು. ಎರಡೂ ಹಳೆಯ ಗೂಡಿನ ದುಡ್ಡಿನ ಸಾಲುಗಳು. ಕೌಂಟರಿನಲ್ಲಿದ್ದ ಹುಡುಗಿ ಸಂದೇಶವನ್ನು ನೋಡಿ, ಕಂಪ್ಯೂಟರಿನಲ್ಲಿ ಹುಡುಕಿ, ಸಹಜವಾಗಿ ಹೇಳಿದಳು: ಈ ಖಾತೆ ಮಾಗಡಿ ಬ್ರಾಂಚಿನದ್ದು, ಇದನ್ನು ನೀವು ಯಾವಾಗಲೋ ಕ್ಲೋಸ್ ಮಾಡಿಸಿದ್ದೀರಿ.

ಮುಚ್ಚಿದ ಖಾತೆಗೆ ದುಡ್ಡು. ಹಾಳು ಬಾವಿಗೆ ಕೊಡಪಾನ ಬಿದ್ದ ಹಾಗಾಯಿತು. ಆ ಹುಡುಗಿ ನನ್ನ ಮುಖ ನೋಡಿ ಸಮಾಧಾನ ಹೇಳಿದಳು. ಮುಚ್ಚಿದ ಖಾತೆ ದುಡ್ಡನ್ನು ತೆಗೆದುಕೊಳ್ಳುವುದಿಲ್ಲ. ಡಿಪಾಸಿಟ್ ಇಡುವಾಗ ಕೊಟ್ಟ ಸೂಚನೆಯಂತೆ ಕಂಪ್ಯೂಟರು ತಾನಾಗಿಯೇ ಅಲ್ಲಿಗೆ ಕಳಿಸಲು ಹೋಗಿದೆ, ಸಂದೇಶವನ್ನೂ ಕಳಿಸಿಬಿಟ್ಟಿದೆ, ಆದರೆ ಖಾತೆ ಇಲ್ಲವಾದ್ದರಿಂದ ದುಡ್ಡು ಆ ಬ್ರಾಂಚಿನದೇ ಒಂದು ಒಳಖಾತೆಯಲ್ಲಿ ಹೋಗಿ ಕೂತಿದೆ. ವಾರಸುದಾರರು ಗೊತ್ತಾಗುವವರೆಗೆ ಅಂಥ ದುಡ್ಡನ್ನು ಇಟ್ಟಿರುವ ಜಾಗ ಅದು. ತನಗೆ ಇಲ್ಲಿಂದ ಅದು ಕಾಣುತ್ತದೆ, ಮುಟ್ಟಲು ಮಾತ್ರ ಆಗುವುದಿಲ್ಲ. ಡಿಪಾಸಿಟ್ ಯಾವ ಬ್ರಾಂಚಿನದೋ ಅವರೇ ತೆಗೆದು ಈ ಖಾತೆಗೆ ಹಾಕಬೇಕು. ಏನೇನು ಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಳು: ಅಸಲು ಬಾಂಡು, ಅರ್ಜಿ, ಹೊಸ ಪಾಸ್‌ಬುಕ್ಕಿನ ಜೆರಾಕ್ಸ್, ಆಧಾರ್. ಕೊನೆಗೆ, ಅಮ್ಮನೇ ಬರಬೇಕು.

ಆ ಕೊನೆಯದೇ ಕಷ್ಟ. ನಾಲ್ಕನೇ ಜ್ವರ ಎದ್ದ ಮೇಲೆ ಅವ್ವ ಹುಳುಮನೆ ಬಿಟ್ಟು ಕದಲುವವಳಲ್ಲ. ಹೊರಗೆ ಹೋಗಿ ಬಂದವರನ್ನು ಒಳಗೆ ಬಿಡುವುದಂತೂ ಇಲ್ಲವೇ ಇಲ್ಲ, ರೋಗ ಅಂಟುತ್ತದೆ. ನಾನು ರಾಮನಗರದಿಂದ ಬಂದು ಅಂಗಳದಲ್ಲೇ ನಿಂತು ಕಿಟಕಿಯ ಬಲೆಯ ಆಚೆ ಇದ್ದ ಅವಳಿಗೆ ವಿಷಯ ಹೇಳಿದೆ. ಅವಳು ಸೊಪ್ಪಿನ ಕಡ್ಡಿ ಹಾಸುವುದನ್ನು ನಿಲ್ಲಿಸಲಿಲ್ಲ.

“ಆ ಕಾತೆ ಮುಚ್ಚುಸ್ದಾಗ ಬಾಂಡಿನ ಇಸ್ಯ ಯಾಕವ್ವ ಹೇಳ್ನಿಲ್ಲ ನೀನು?” ಎಂದೆ. ಸಿಟ್ಟಿನಲ್ಲಿ ನನ್ನ ಬಾಯಿಗೂ ಊರಿನ ಮಾತೇ ಬರುತ್ತದೆ.

“ನೀನು ಕೇಳುದ್ದು ಬ್ಯಾಂಕ್ನಾಗೆ ಇನ್ನೇನೈತೆ ಅಂತ. ಬಾಂಡು ಬ್ಯಾಂಕ್ನಾಗೆಲ್ಲೈತೆ? ಟ್ರಂಕ್ನಾಗಲ್ವಾ ಇರೋದು?”

ಅವಳ ಪ್ರಕಾರ ಅದು ಸರಿ. ಬ್ಯಾಂಕಿನವರು ದುಡ್ಡು ತೆಗೆದುಕೊಂಡು ಒಂದು ಕಾಗದ ಕೊಟ್ಟಿದ್ದಾರೆ, ಕಾಗದ ನಮ್ಮ ಹತ್ತಿರ ಇದೆ, ಆದ್ದರಿಂದ ದುಡ್ಡೂ ನಮ್ಮ ಹತ್ತಿರವೇ ಇದೆ. ಖಾತೆ ಎಂಬುದು ಗೂಡಿನ ದುಡ್ಡು ಬಂದು ಹೋಗುವ ದಾರಿ ಮಾತ್ರ. ಅಪ್ಪ ತೀರಿಕೊಂಡ ಮೇಲೆ, ಮಾರುಕಟ್ಟೆಯ ದುಡ್ಡು ನೇರ ಖಾತೆಗೇ ಬರತೊಡಗಿದಾಗ, ಅಪ್ಪನ ಹೆಸರು ಮೊದಲಿದ್ದ ಮಾಗಡಿಯ ಜಂಟಿ ಖಾತೆ ಬೇಡವೆಂದು, ಅವಳ ಹೆಸರಿನಲ್ಲೇ ರಾಮನಗರದಲ್ಲಿ ಹೊಸದನ್ನು ಮಾಡಿಸಿದ್ದೆವು. ದಾರಿ ಬದಲಾಯಿಸಿದ್ದು. ಅಷ್ಟೇ ಅವಳಿಗೆ ಗೊತ್ತಿದ್ದದ್ದು.

ಟ್ರಂಕು ಇದ್ದದ್ದು ಹುಳುಮನೆಯ ಅಟ್ಟದ ಮೇಲೆ. ನಾನು ಹತ್ತಿ ತೆಗೆಯುತ್ತೇನೆಂದರೆ, ಮೊದಲು ತಲೆಗೆ ನೀರು ಹಾಕಿಕೊಂಡು ಬಾ ಎಂದಳು. ತಲೆಗೆ ಹಾಕಿಕೊಂಡೆ, ಬಟ್ಟೆ ಬದಲಿಸಿದೆ, ಬಾಗಿಲಲ್ಲಿನ ಬ್ಲೀಚಿಂಗ್ ನೀರಿನ ತೊಟ್ಟಿಯಲ್ಲಿ ಕಾಲಿಟ್ಟೆ. ಅಟ್ಟ ಹತ್ತುವಾಗ ಧೂಳು ಹುಳುವಿನ ಮೇಲೆ ಬೀಳದ ಹಾಗೆ ಅವ್ವ ಕೆಳಗೆ ಹಳೇ ಸೀರೆ ಹಿಡಿದು ನಿಂತಳು. ಬಾಂಡು ಅಪ್ಪನ ಪಡಿತರ ಚೀಟಿಯೊಳಗೆ ಮಡಚಿಕೊಂಡಿತ್ತು. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಆದ ಸಂತೋಷ ಎಂಥದ್ದೆಂದರೆ, ಕೆಲಸ ಆಗಿಯೇ ಹೋಯಿತೆಂದು ಅನ್ನಿಸಿಬಿಟ್ಟಿತು.

ಸಾಲ ಮಾಡಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ಯಾರಿಂದ? ಆ ವಾರ ಊರಿನ ದುಡ್ಡೆಲ್ಲ ಹುಳುವಿನ ಹೊಟ್ಟೆಯಲ್ಲಿತ್ತು. ನಾನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಸಂಬಳ ಬಂದು ನಾಲ್ಕು ತಿಂಗಳಾಗಿತ್ತು. ಅತಿಥಿಗೆ ಊಟ ಹಾಕುತ್ತಾರೆ, ಸಂಬಳ ಕೊಡುತ್ತಾರಾ ಎಂದು ಅವ್ವನೇ ತಮಾಷೆ ಮಾಡುತ್ತಿದ್ದಳು.

ಗುರುವಾರ ಬೆಳಗಿನ ಮೇವು ಹಾಕಿ, ಮಧ್ಯಾಹ್ನದ್ದನ್ನು ಚಿಕ್ಕಮ್ಮನಿಗೆ ಒಪ್ಪಿಸಿ, ಅವ್ವ ನನ್ನ ಜೊತೆ ಮಾಗಡಿಯ ಬಸ್ಸು ಹತ್ತಿದಳು. ಜ್ವರ ಎದ್ದ ಹುಳು ಬಿಟ್ಟು ಅವಳು ಊರು ದಾಟಿದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು. ದಾರಿಯುದ್ದಕ್ಕೂ ಕಿಟಕಿಯಾಚೆ ಯಾರ ತೋಟದ ಸೊಪ್ಪು ಹೇಗಿದೆ ಎಂದೇ ನೋಡುತ್ತಿದ್ದಳು. ಸಾವನದುರ್ಗದ ಬಂಡೆ ಕಾಣಿಸಿದಾಗ ಕೈ ಮುಗಿಯುವುದನ್ನೂ ಮರೆತಳು.

ಬ್ಯಾಂಕಿನಲ್ಲಿ ನಮ್ಮ ಕೆಲಸ ನೋಡಿದ ಅಧಿಕಾರಿ ನಡುವಯಸ್ಸಿನವರು, ನಿಧಾನದ ಮನುಷ್ಯ. ಬಾಂಡನ್ನು ತಿರುವಿಹಾಕಿದರು, ಅವ್ವನ ಸಹಿಯನ್ನು ಕಂಪ್ಯೂಟರಿನಲ್ಲಿ ನೋಡಿದರು, ಹಿಂಬದಿಗೆ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಿಸಿಕೊಂಡರು. ನಾನು ಅಲ್ಲೇ ಕೂತು ಅರ್ಜಿ ಬರೆದೆ. ಎಲ್ಲ ಸರಿಯಾಗಿತ್ತು. ನಾನು ಆಗ ಸುಮ್ಮನಿರಬೇಕಿತ್ತು. ಸುಮ್ಮನಿರದೆ, ಖಾತೆ ಮುಚ್ಚುವಾಗ ಅದಕ್ಕೆ ಡಿಪಾಸಿಟ್ ಸೇರಿಕೊಂಡಿದೆ ಎಂದು ನಿಮ್ಮವರು ನೋಡಬೇಕಿತ್ತಲ್ಲವೇ ಎಂದು, ಸಭ್ಯವಾಗಿಯೇ ಆದರೂ, ಆಕ್ಷೇಪಿಸಿದೆ.

ಅವರು ಬೇಸರಪಡಲಿಲ್ಲ. ಖಾತೆ ಜಂಟಿ, ಅದು ಅಪ್ಪನ ಗ್ರಾಹಕ ಸಂಖ್ಯೆಯಡಿ ಇತ್ತು, ಡಿಪಾಸಿಟ್ ಅವ್ವನೊಬ್ಬಳ ಹೆಸರಿನದು, ಬೇರೆ ಸಂಖ್ಯೆಯಡಿ ಇತ್ತು, ಆದ್ದರಿಂದ ಒಂದನ್ನು ತೆರೆದರೆ ಇನ್ನೊಂದು ಕಾಣುತ್ತಿರಲಿಲ್ಲ, ಬ್ಯಾಂಕಿನವರೂ ನಿಮ್ಮನ್ನು ಕೇಳಿಯೇ ತಿಳಿಯಬೇಕಿತ್ತು ಎಂದರು. ಆಮೇಲೆ ಒಳಗೆ ಹೋಗಿ ಒಂದು ಕಡತ ತಂದು, ಖಾತೆ ಮುಚ್ಚುವ ಅರ್ಜಿಯನ್ನು ತೆಗೆದು ನನ್ನ ಮುಂದಿಟ್ಟರು. ‘ಈ ಖಾತೆಗೆ ಹೊಂದಿಕೊಂಡ ಠೇವಣಿ ಇದೆಯೇ?’ ಎಂಬ ಸಾಲಿನ ಮುಂದೆ ದುಂಡಗಿನ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದಿತ್ತು. ಅಕ್ಷರ ನನ್ನದು.

ನಾನು ಬಿಡುತ್ತಾ ಬಂದ ಭಾಗ ಇದೇ. ಅವ್ವ ಹೇಳಲಿಲ್ಲ ಎಂದು ಊರೆಲ್ಲ ಹೇಳಿದ್ದೇನೆ. ಅವ್ವ ಹೇಳದಿದ್ದದ್ದು ನಿಜ. ಆದರೆ ಆ ದಿನ ಈ ಪ್ರಶ್ನೆಯನ್ನು ನಾನು ಅವಳಿಗೆ ಓದಿ ಹೇಳಿದ್ದೆನೇ? ‘ಬ್ಯಾಂಕಿನಲ್ಲಿ ಇನ್ನೇನಿದೆ’ ಎಂದು ಕೇಳಿದ್ದೆ ಎಂದು ಅವಳು ಹೇಳುತ್ತಾಳೆ, ನನಗೆ ಅದೂ ನೆನಪಿಲ್ಲ. ನೆನಪಿರುವುದು ಬಸ್ಸಿಗೆ ಹೊತ್ತಾಗಿತ್ತು ಎಂಬುದು. ಅರ್ಜಿಯ ಕೆಳಗಡೆಯ ನಾಲ್ಕು ಪ್ರಶ್ನೆಗಳಿಗೂ ಒಂದೇ ಉಸಿರಿನಲ್ಲಿ ಬರೆದಂತೆ ‘ಇಲ್ಲ, ಇಲ್ಲ, ಇಲ್ಲ, ಇಲ್ಲ’ ಎಂದು ಇಳಿದಿತ್ತು. ಅವ್ವ ಬಗ್ಗಿ ನೋಡಿ, ಅಧಿಕಾರಿಗೆ ಕೇಳುವ ಹಾಗೆ, “ನನ್ ಮಗಳ ಅಕ್ಸರ ಮುತ್ತಿನಂಗೈತೆ” ಎಂದಳು. ಹೊಗಳಿದಳೋ ಕುಟುಕಿದಳೋ ಇವತ್ತಿಗೂ ತಿಳಿದಿಲ್ಲ.

ಅಧಿಕಾರಿ ಎರಡು ಕೆಲಸ ಹೇಳಿದರು. ಒಂದು, ಬ್ರಾಂಚಿನ ಒಳಖಾತೆಯಿಂದ ತೆಗೆದು ರಾಮನಗರದ ಖಾತೆಗೆ ಹಾಕುವ ಎಂಟ್ರಿ. ಅದನ್ನು ಈಗಲೇ ಮಾಡುತ್ತೇನೆ ಎಂದರು, ಮಾಡಿದರು. ಇನ್ನೊಂದು, ಆ ಎಂಟ್ರಿಯನ್ನು ಮ್ಯಾನೇಜರು ನೋಡಿ ಪಾಸ್ ಮಾಡುವುದು. ಮ್ಯಾನೇಜರು ಸಾಲ ಕೇಳಿದವರೊಬ್ಬರ ಜಮೀನು ನೋಡಲು ಹಳ್ಳಿಗೆ ಹೋಗಿದ್ದರು. ಮೂರರೊಳಗೆ ಬರುತ್ತಾರೆ.

“ಎಂಟ್ರಿ ಹಾಕ್ದೋನೇ ಪಾಸ್ ಮಾಡಂಗಿಲ್ಲ ತಾಯಿ. ನನ್ ದುಡ್ಡಾದ್ರೂ ಅಷ್ಟೇಯ.”

“ನೀವೇ ಒತ್ಬುಡಿ ಸಾಮಿ, ನಾನ್ಯಾರ್ಗೂ ಹೇಳಾಕಿಲ್ಲ,” ಎಂದಳು ಅವ್ವ.

ಅವರು ನಕ್ಕರು. ಆಮೇಲೆ ಅವ್ವನ ಕೈ ನೋಡಿದರು. ಸುಣ್ಣ, ಬ್ಲೀಚಿಂಗ್ ಪುಡಿಯಲ್ಲಿ ಬಿರಿದ ಬೆರಳುಗಳು. ಜ್ವರ ಎದ್ದು ಎಷ್ಟು ದಿನ ಎಂದು ಕೇಳಿದರು. ನಾಲ್ಕನೇ ದಿನ ಎಂದಾಗ ಅವರ ನಿಧಾನ ಕಾಣೆಯಾಯಿತು. ಅವರ ಮನೆಯಲ್ಲೂ ಹುಳು ಸಾಕುತ್ತಿದ್ದರಂತೆ, ಚನ್ನಪಟ್ಟಣದ ಹತ್ತಿರ. ಮ್ಯಾನೇಜರಿಗೆ ಫೋನು ಮಾಡಿದರು. ಸಿಗಲಿಲ್ಲ. ಮತ್ತೆ ಮಾಡಿದರು.

ಮೂರಾಯಿತು. ಮೂರೂಕಾಲೂ ಆಯಿತು. ಡೈರಿಯಲ್ಲಿ ‘ಮೂರು ಗಂಟೆ ಕಾದೆವು’ ಎಂದು ಬರೆದಿದ್ದೇನೆ, ಆದರೆ ನಾವು ಬಸ್ಸಿಳಿದದ್ದೇ ಹನ್ನೆರಡೂವರೆಗೆ ಎಂದು ಅವ್ವ ಹೇಳುತ್ತಾಳೆ. ಹಾಗಾದರೆ ಕಾಗದಪತ್ರದ ಹೊತ್ತು ಕಳೆದು ಕಾದದ್ದು ಎರಡು ಗಂಟೆ ಇರಬೇಕು. ಅಷ್ಟರಲ್ಲಿ ಅವ್ವನಿಗೆ ಇನ್ನೊಂದು ಪ್ರಶ್ನೆ ಬಂತು. ದುಡ್ಡು ಎರಡು ದಿನ ಇವರ ಹತ್ತಿರ ಕೂತಿತ್ತಲ್ಲ, ಅದಕ್ಕೆ ಬಡ್ಡಿ ಯಾರು ಕೊಡುತ್ತಾರೆ? ನಾನು ನಾಚಿಕೆಯಿಂದ ಅವಳ ಮೊಣಕೈ ತಿವಿದೆ. ಅಧಿಕಾರಿ ಮಾತ್ರ ಗಂಭೀರವಾಗಿ, ಕೇಳುವ ಮಾತೇ ಅದು, ಜಮಾವನ್ನು ಮಂಗಳವಾರದ ತಾರೀಖಿನಿಂದಲೇ ಲೆಕ್ಕಕ್ಕೆ ಬರುವ ಹಾಗೆ ಹಾಕಿದ್ದೇನೆ, ಉಳಿತಾಯ ಖಾತೆಯ ಬಡ್ಡಿ ಅಂದಿನಿಂದ ಸಿಗುತ್ತದೆ ಎಂದು ತೋರಿಸಿದರು. ಮೂರು ಟೀ ದುಡ್ಡೂ ಆಗಲಿಕ್ಕಿಲ್ಲ. ಅವ್ವನಿಗೆ ಅದರಿಂದ ಬಂದ ಸಮಾಧಾನ ದೊಡ್ಡದು.

ಮೂರೂವರೆಗೆ ಸೊಪ್ಪಿನ ತೋಟದವರ ಫೋನು ಬಂತು. ಕನಕಪುರದವರು ಗಾಡಿ, ಕೂಲಿಯಾಳು, ನಗದು ಮೂರನ್ನೂ ತಂದು ಬದುವಿನ ಮೇಲೆ ನಿಂತಿದ್ದಾರಂತೆ. ನಾನು ಫೋನನ್ನು ಅವ್ವನಿಗೆ ಕೊಟ್ಟೆ. ಕೊಡುವಾಗ ಯಾಕೋ ಸ್ಪೀಕರಿಗೆ ಹಾಕಿದೆ.

“ಸಂಜೆ ತಂಕ ಅಂದಿದ್ನಲ್ಲಣ್ಣ,” ಎಂದಳು ಅವ್ವ. “ಬ್ಯಾಂಕ್ನಾಗೇ ಕುಂತಿವ್ನಿ. ದುಡ್ಡು ಹೊಂಟೈತೆ.”

“ಮಂಗಳವಾರನೂ ಬಂದೈತೆ ಅಂದಿದ್ದಿ ಕಣಕ್ಕ. ಬಂದಿರೋ ದುಡ್ಡು ಮತ್ಯಾಕ್ ಹೊಂಡ್ತದೆ? ಇವ್ರು ಎಣಿಸ್ಕೊಂಡು ನಿಂತವ್ರೆ. ನಾನೇನ್ ಮಾಡ್ಲಿ ಹೇಳು.”

ಅವ್ವ ಫೋನನ್ನು ಅಧಿಕಾರಿಯ ಕಡೆ ಚಾಚಿದಳು. ನೀವೇ ಒಸಿ ಹೇಳಿ ಎಂಬಂತೆ. ಅವರು ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು. ಒಬ್ಬರ ಖಾತೆಯ ವಿಷಯ ಇನ್ನೊಬ್ಬರಿಗೆ ನಾವು ಹೇಳುವಂತಿಲ್ಲ ಎಂದು ಪಿಸುಗುಟ್ಟಿದರು. ಅವ್ವನ ಕೈ ಚಾಚಿಕೊಂಡೇ ಇತ್ತು. ಆಗ ಹೊರಗೆ ಬೈಕಿನ ಸದ್ದಾಯಿತು. ಅಧಿಕಾರಿ ಕುರ್ಚಿಯಿಂದ ಎದ್ದು, ಫೋನಿನ ಕಡೆಗೆ ಮುಖ ಮಾಡದೆ, ಬಾಗಿಲಿನ ಕಡೆಗೆ ತಿರುಗಿ, ಬ್ರಾಂಚಿಗೆಲ್ಲ ಕೇಳುವ ಹಾಗೆ ಹೇಳಿದರು: “ಮ್ಯಾನೇಜರ್ ಬಂದ್ರು. ಇನ್ನೈದು ನಿಮಿಷ.”

ಫೋನಿನಲ್ಲಿ ತೋಟದವರ ದನಿ, ನಮ್ಮ ಜೊತೆಗಲ್ಲ, ಪಕ್ಕದವರ ಜೊತೆ: “ಐದು ನಿಮಿಸ ಕುಂತ್ಕಳ್ರಣ್ಣ. ಎಳನೀರ್ ಕುಡೀರಿ.”

ಆ ಐದು ನಿಮಿಷದ ಬಗ್ಗೆ ನನ್ನ ನೆನಪನ್ನು ನಾನು ಸ್ವಲ್ಪವೂ ನಂಬುವುದಿಲ್ಲ, ಅಷ್ಟು ಸ್ಪಷ್ಟವಾಗಿದೆ ಅದು. ಮ್ಯಾನೇಜರು ಹೆಲ್ಮೆಟ್ ಕಳಚಿದ್ದು, ಕಾಗದಗಳನ್ನು ಒಂದೊಂದಾಗಿ ನೋಡಿದ್ದು, ಬಾಂಡಿನ ಸಹಿಗೆ ಅರ್ಜಿಯ ಸಹಿಯನ್ನು ಹೋಲಿಸಿದ್ದು, ಅವ್ವನ ಹೆಸರು ಕೇಳಿದ್ದು. ಆತುರಪಡಲಿಲ್ಲ ಅವರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಬೆರಳು ಕೀಲಿಯ ಮೇಲೆ ಬಿದ್ದಿತು. ಅವ್ವನ ಫೋನು ಸೀರೆಯ ಮಡಿಲಲ್ಲಿ ಗುಂಯ್ ಎಂದಿತು. ಈ ಸಲ ನಾನು ಖಾತೆಯ ಕೊನೆಯ ಅಂಕಿಗಳನ್ನು ಪಾಸ್‌ಬುಕ್ಕಿನ ಜೊತೆ ಇಟ್ಟು, ಒಂದೊಂದನ್ನೂ ಬೆರಳಿಟ್ಟು ನೋಡಿದೆ. ರಾಮನಗರದ್ದೇ.

ಅಲ್ಲೇ ನಿಂತು ಅವ್ವನ ಫೋನಿನಿಂದ ತೋಟದವರಿಗೆ ದುಡ್ಡು ಕಳಿಸಿದೆ. ಆತುರದಲ್ಲಿ ಗುಟ್ಟಿನ ಸಂಖ್ಯೆಯನ್ನು ಒಂದು ಸಲ ತಪ್ಪಾಗಿ ಒತ್ತಿದೆ. ಎರಡನೇ ಸಲಕ್ಕೆ ಹೋಯಿತು. ತೋಟದವರು ಫೋನು ಮಾಡಿ ಬಂತು ಎಂದಷ್ಟೇ ಹೇಳದೆ, ಎಷ್ಟು ಬಂತು, ಯಾರ ಹೆಸರಿನಿಂದ ಬಂತು, ಎಲ್ಲವನ್ನೂ ಓದಿ ಒಪ್ಪಿಸಿದರು. ಅವ್ವ ಮ್ಯಾನೇಜರಿಗೂ ಅಧಿಕಾರಿಗೂ ಕೈ ಮುಗಿದಳು. ಅಧಿಕಾರಿ, ಡಿಪಾಸಿಟ್ಟಿಗೊಂದು ರಾಮನಗರದ ಖಾತೆಗೊಂದು ಎಂದಿದ್ದ ಅವಳ ಎರಡು ಗ್ರಾಹಕ ಸಂಖ್ಯೆಗಳನ್ನು ಒಂದು ಮಾಡಲು ಇನ್ನೊಂದು ಅರ್ಜಿ ಕೊಟ್ಟರು. ನಾನು ಪ್ರತಿ ಪ್ರಶ್ನೆಯನ್ನೂ ಅವಳಿಗೆ ಗಟ್ಟಿಯಾಗಿ ಓದಿ ಹೇಳಿ, ಅವಳು ಹೇಳಿದ್ದನ್ನೇ ಬರೆದೆ. ಒಂದು ಪುಟಕ್ಕೆ ಅರ್ಧ ಗಂಟೆ. ಬಸ್ಸು ತಪ್ಪಿತು.

ಮುಂದಿನ ಬಸ್ಸಿನಲ್ಲಿ ಪಕ್ಕದೂರಿಗೇ ಟಿಕೆಟ್ ತೆಗೆದುಕೊಂಡು ತೋಟದ ಹತ್ತಿರ ಇಳಿದೆವು. ಬಿಸಿಲು ಇನ್ನೂ ಇತ್ತು. ತೋಟದವರು ಕುಡುಗೋಲು ಹಿಡಿದ ನಾಲ್ಕು ಆಳುಗಳ ಜೊತೆ ಕಾಯುತ್ತಿದ್ದರು. ಬದುವಿನಲ್ಲಿ ಕುಡಿದೆಸೆದ ಎಳನೀರ ಬುರುಡೆಗಳು ಬಿದ್ದಿದ್ದವು. ಅವ್ವ ಯಾರನ್ನೂ ಮಾತಾಡಿಸದೆ ಸಾಲಿನೊಳಗೆ ಇಳಿದಳು. ನಡುವಿನಲ್ಲೊಂದು ಗಿಡದ ಎಲೆ ಕಿತ್ತು ಬೆರಳಲ್ಲಿ ಮಡಚಿದಳು. ಎಲೆ ಮುರಿಯಲಿಲ್ಲ, ಬಾಗಿತು. ಬಲಿತಿಲ್ಲ. ಇನ್ನೊಂದು ಸಾಲಿಗೆ ಹೋಗಿ ಇನ್ನೊಂದನ್ನು ಕಿತ್ತಳು. ದುಡ್ಡು ಕೊಟ್ಟಾದ ಮೇಲೆ ಪರೀಕ್ಷೆ ಮಾಡುತ್ತಿದ್ದಾಳಲ್ಲ ಎಂದು ತೋಟದವರು ನನ್ನ ಕಡೆ ನೋಡಿ ನಕ್ಕರು.

“ಕೊಯ್ಯಿರಿ,” ಎಂದಳು ಅವ್ವ. ಕುಡುಗೋಲುಗಳು ಬುಡಕ್ಕೆ ಬಿದ್ದವು. ಮೊದಲ ಹೊರೆ ಕಟ್ಟಿ ಆಟೋಗೆ ಏರಿಸುವ ಹೊತ್ತಿಗೆ ಅವಳು ಆಗಲೇ ಊರಿನ ದಾರಿ ಹಿಡಿದಾಗಿತ್ತು. ಸೊಪ್ಪು ಮನೆ ಸೇರುವ ಮುಂಚೆ ಅವಳು ತಲೆಗೆ ನೀರು ಹಾಕಿಕೊಂಡು ಆಗಿರಬೇಕಿತ್ತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಅವಳ ಹಿಂದೆ ಓಡಿದೆ.